ಟರ್ಬುಲೆನ್ಸ್‌ನಲ್ಲಿ ವಿಮಾನದ ರೆಕ್ಕೆ ಮುರಿಯಬಹುದೇ? ಮುಂದಿನ ಗುರುವಾರ ದೆಹಲಿಗೆ ಹೋಗಬೇಕಿದೆ

ಕಿಟಕಿ_ಸೀಟು
ಎಲ್ಲರಿಗೂ ನಮಸ್ಕಾರ. ನನ್ನದು ವಿಜಯನಗರ. ಕಳೆದ ಮೇ ತಿಂಗಳಲ್ಲಿ ಕೋಲ್ಕತ್ತದಿಂದ ಬೆಂಗಳೂರಿಗೆ ಸಂಜೆಯ ವಿಮಾನದಲ್ಲಿ ಬರುತ್ತಿದ್ದೆ. ದೇವನಹಳ್ಳಿ ತಲುಪಲು ಅರ್ಧ ಗಂಟೆ ಇರುವಾಗ ವಿಮಾನ ವಿಪರೀತ ಕುಲುಕಾಡಿತು. ನನ್ನದು ರೆಕ್ಕೆಯ ಪಕ್ಕದ ಕಿಟಕಿ. ರೆಕ್ಕೆಯ ತುದಿ ಮೇಲಕ್ಕೂ ಕೆಳಕ್ಕೂ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಅದರ ಹಿಂಬದಿಯಲ್ಲಿ ಬಿರುಕು ತೆರೆದುಕೊಂಡಂತೆಯೂ ಕಂಡಿತು. ಪಕ್ಕದಲ್ಲಿದ್ದವರ ಕಾಫಿ ಲೋಟದಿಂದ ಮೇಲಕ್ಕೆ ಎದ್ದು ನನ್ನ ಸೆರಗಿನ ಮೇಲೆ ಬಿತ್ತು. ಆ ಕಲೆ ಇನ್ನೂ ಹೋಗಿಲ್ಲ.

ಅಂದಿನಿಂದ ವಿಮಾನ ಹತ್ತಿಲ್ಲ. ಮುಂಬಯಿಯ ಮದುವೆಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬಂದೆ. ಈಗ ದೆಹಲಿಯಲ್ಲಿ ಮಗಳ ಘಟಿಕೋತ್ಸವ. ರೈಲಿನಲ್ಲಿ ಎರಡು ರಾತ್ರಿ ಕಳೆಯುವಷ್ಟು ರಜೆ ಕಚೇರಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ: ಕುಲುಕಾಟಕ್ಕೆ ರೆಕ್ಕೆ ಮುರಿದು ಬೀಳಬಹುದೇ? "ಹೆದರಬೇಡಿ" ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದಾರೆ. ಏಕೆ ಹೆದರಬಾರದು ಎಂದು ಯಾರೂ ಹೇಳಿಲ್ಲ.

ಹನುಮಂತನಗರ_ಹುಡುಗ
ಮುರಿಯುವುದಿಲ್ಲ ಅಕ್ಕ. ಧೈರ್ಯವಾಗಿ ಹೋಗಿ ಬನ್ನಿ.

ಕಿಟಕಿ_ಸೀಟು
ತಮ್ಮಾ, ಇದನ್ನೇ ಮನೆಯಲ್ಲೂ ಹೇಳಿದರು.

ಆಕಾಶಪ್ರಿಯ
ನಾನು ಹೇಳುತ್ತೇನೆ. ವಿಮಾನದ ರೆಕ್ಕೆಯನ್ನು ರಬ್ಬರಿನ ಹಾಗೆ ಬಾಗುವಂತೆ ಮಾಡಿರುತ್ತಾರೆ. ಎರಡೂ ರೆಕ್ಕೆಗಳ ತುದಿಗಳು ವಿಮಾನದ ಮೇಲೆ ಒಂದಕ್ಕೊಂದು ತಾಗುವಷ್ಟು ಬಾಗಿದರೂ ಮುರಿಯುವುದಿಲ್ಲ. ಕುಲುಕಾಟಕ್ಕೆ ಕಾರಣ ಗಾಳಿಯೇ ಇಲ್ಲದ ಗುಂಡಿಗಳು. ಅಂತಹ ಗುಂಡಿಯಲ್ಲಿ ವಿಮಾನ ಕೆಲವೇ ಕ್ಷಣಗಳಲ್ಲಿ ಸಾವಿರಾರು ಅಡಿ ಬಿದ್ದು, ಮತ್ತೆ ಗಾಳಿ ಸಿಕ್ಕಾಗ ನಿಲ್ಲುತ್ತದೆ. ರೆಕ್ಕೆಗೆ ಏನೂ ಆಗುವುದಿಲ್ಲ.

ಪರೀಕ್ಷಾ_ಶೆಡ್
ಆಕಾಶಪ್ರಿಯ ಅವರೇ, ರೆಕ್ಕೆ ಬಾಗುವಂತೆ ಮಾಡಿರುತ್ತಾರೆ ಎಂಬುದೊಂದು ಸರಿ. ಉಳಿದದ್ದು ಈ ತಾಯಿಯ ಭಯವನ್ನು ಹೆಚ್ಚಿಸುತ್ತದೆ. ತುದಿಗಳು ತಾಗುವಷ್ಟು ಬಾಗುವ ರೆಕ್ಕೆ ಎಲ್ಲಿಯೂ ಇಲ್ಲ, ಅದಕ್ಕೆ ಬಹಳ ಮೊದಲೇ ಮುರಿಯುತ್ತದೆ. ಗಾಳಿಯಿಲ್ಲದ ಗುಂಡಿಯೂ ಇಲ್ಲ. ಇರುವುದು ಮೇಲೇರುವ ಗಾಳಿ, ಕೆಳಗಿಳಿಯುವ ಗಾಳಿ. ಎರಡರ ನಡುವೆ ವಿಮಾನ ಹಾದಾಗ ನಮಗೆ ಏಟು ಬೀಳುತ್ತದೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಬೋಯಿಂಗ್ 777 ಮ್ಯಾನ್ಮಾರ್ ಮೇಲೆ ಸಿಕ್ಕಿಕೊಂಡದ್ದು ನೆನಪಿರಬಹುದು. ಒಬ್ಬರು ತೀರಿಕೊಂಡರು, ಅನೇಕರು ಗಾಯಗೊಂಡರು. ಆರು ಸಾವಿರ ಅಡಿ ಬಿತ್ತು ಎಂದು ಆಗ ಸುದ್ದಿಯಾಯಿತು. ದಾಖಲೆ ತೆಗೆದು ನೋಡಿದಾಗ, ಜನರನ್ನು ಚಾವಣಿಗೆ ಎಸೆದ ಆ ಕ್ಷಣಗಳಲ್ಲಿ ವಿಮಾನ ಇಳಿದದ್ದು 178 ಅಡಿ. ಅನಂತರ ಪೈಲಟ್‌ಗಳು ಬ್ಯಾಂಕಾಕಿನತ್ತ ತಾವಾಗಿಯೇ ಇಳಿಸಿದ ಎತ್ತರವನ್ನು ಬಿದ್ದದ್ದೆಂದು ಬರೆದಿದ್ದರು.

ಇನ್ನು ರೆಕ್ಕೆಯ ಮಾತು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ವಿಮಾನದ ಭಾಗಗಳನ್ನು ಭಾರ ಹಾಕಿ ಪರೀಕ್ಷಿಸುವ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ರೆಕ್ಕೆ ಮುರಿಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ಎಷ್ಟು ಭಾರಕ್ಕೆ ಮುರಿಯುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಆ ಭಾರ ನಿಮ್ಮ ಕಾಫಿ ಚೆಲ್ಲಿದ ಏಟಿಗಿಂತ ಬಹಳ ದೂರದಲ್ಲಿರುತ್ತದೆ ಎಂದು ಹೇಳುತ್ತೇನೆ.

ಲೆಕ್ಕ ಹೀಗಿದೆ. 60 ಟನ್ ತೂಕದ ವಿಮಾನ ನೆಮ್ಮದಿಯಾಗಿ ಹಾರುವಾಗ ಅದರ ರೆಕ್ಕೆಗಳು 60 ಟನ್ ಎತ್ತುತ್ತಿರುತ್ತವೆ. ಇದನ್ನು 1 ಜಿ ಎನ್ನುತ್ತೇವೆ. ಪ್ರಯಾಣಿಕ ಜೆಟ್‌ಗಳ ನಿಯಮದಂತೆ ರೆಕ್ಕೆಗಳು 2.5 ಜಿ, ಅಂದರೆ 150 ಟನ್ ಹೊತ್ತರೂ ಭಾರ ಇಳಿದ ಮೇಲೆ ಮೊದಲಿನ ಆಕಾರಕ್ಕೆ ಮರಳಬೇಕು, ಸೊಟ್ಟಗಾಗಿ ಉಳಿಯಬಾರದು. ಅದರ ಒಂದೂವರೆ ಪಟ್ಟು, ಅಂದರೆ 225 ಟನ್ ಬಿದ್ದಾಗ ಸೊಟ್ಟಗಾಗಬಹುದು, ಆದರೆ ಮೂರು ಸೆಕೆಂಡು ಮುರಿಯದೆ ನಿಲ್ಲಬೇಕು. ವಿಮಾನದ ಕುಲುಕಾಟ 2 ಜಿ ದಾಟುವುದು ಅಪರೂಪ. ನಿಮ್ಮ ಕಾಫಿ ಲೋಟದಿಂದ ಎದ್ದಿತೆಂದರೆ ಆ ಕ್ಷಣ ಸೊನ್ನೆಗಿಂತ ಕೆಳಗೆ ಹೋಗಿತ್ತು, ಅದು ಜೋರಾದ ಏಟೇ. ನೀವು ಹೆದರಿದ್ದು ಸಹಜ. ಆದರೂ ರೆಕ್ಕೆಗೆ ಅದು ದಿನದ ಕೆಲಸದ ಒಂದು ಕಷ್ಟದ ಗಳಿಗೆ, ಅಷ್ಟೇ.

ಕಿಟಕಿ_ಸೀಟು
ಸರ್, ತುಂಬಾ ಉಪಕಾರವಾಯಿತು. ಒಂದು ಸಂದೇಹ. ರೆಕ್ಕೆಯನ್ನು ವಿಮಾನಕ್ಕೆ ಬೋಲ್ಟ್ ಹಾಕಿ ಸಿಕ್ಕಿಸಿರುತ್ತಾರಲ್ಲ, ಅದು ಕಳಚಿದರೆ? ನನ್ನ ಭಯ ಇರುವುದೇ ಆ ಜಾಗದಲ್ಲಿ.

ಪರೀಕ್ಷಾ_ಶೆಡ್
ಎರಡು ರೆಕ್ಕೆಗಳನ್ನು ಎರಡು ಬದಿಗೆ ಸಿಕ್ಕಿಸಿದಂತೆ ಹೊರಗಿನಿಂದ ಕಾಣುತ್ತದೆ. ಒಳಗೆ ಹಾಗಿಲ್ಲ. ನಿಮ್ಮ ಸೀಟಿನ ನೆಲದ ಕೆಳಗೆ ಒಂದು ಗಟ್ಟಿಯಾದ ಪೆಟ್ಟಿಗೆ ಈ ಬದಿಯಿಂದ ಆ ಬದಿಗೆ ಹಾದುಹೋಗುತ್ತದೆ. ಎಡರೆಕ್ಕೆ ಬಲರೆಕ್ಕೆ ಎರಡೂ ಅದರ ಮುಂದುವರಿಕೆ. ಎತ್ತುಗಳ ಹೆಗಲ ಮೇಲಿನ ನೊಗದ ಹಾಗೆ ಒಂದೇ ಉದ್ದನೆಯ ಅಂಗ, ಅದರ ಮೇಲೆ ವಿಮಾನದ ಒಡಲು ಕುಳಿತಿದೆ. ಎಡರೆಕ್ಕೆ ಮೇಲಕ್ಕೆ ಬಾಗಿಸುವ ಬಲವೂ ಬಲರೆಕ್ಕೆಯದೂ ಆ ಪೆಟ್ಟಿಗೆಯೊಳಗೇ ಒಂದನ್ನೊಂದು ಎದುರಿಸಿ ತೀರಿಹೋಗುತ್ತವೆ.

ಬಾಗುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು ನೀರು ತರುತ್ತಿದ್ದವರನ್ನು ನೋಡಿದ್ದೇನೆ. ಬಿದಿರಿನ ಗಳು ನಡೆಗೆ ತಕ್ಕಂತೆ ಬಾಗಿ ಏಳುತ್ತಿತ್ತು, ಆದ್ದರಿಂದಲೇ ಹೆಗಲು ಉಳಿಯುತ್ತಿತ್ತು. ಕಬ್ಬಿಣದ ಸಲಾಕೆ ಹೊತ್ತರೆ ಪ್ರತಿ ಹೆಜ್ಜೆಯ ಏಟೂ ಮೂಳೆಗೇ ಬೀಳುತ್ತದೆ. ನೀವು ಕಿಟಕಿಯಲ್ಲಿ ಕಂಡ ಬಾಗು ಅದೇ. ರೆಕ್ಕೆ ಬಾಗದಿದ್ದರೆ ನಾನು ಚಿಂತಿಸುತ್ತಿದ್ದೆ.

ಲೆಕ್ಕಪರಿಶೋಧಕ
ಮಾತು ಚೆನ್ನಾಗಿದೆ. ಆದರೆ ಕಾಗದದ ಮೇಲಿನ ನಿಯಮ ಬೇರೆ, ನಿಜ ಬೇರೆ. ಏರ್‌ಬಸ್ ಎ380ರ ರೆಕ್ಕೆ 2006ರ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಮುಟ್ಟುವ ಮೊದಲೇ ಮುರಿಯಿತು. ಇದನ್ನು ನೀವು ಏಕೆ ಹೇಳಲಿಲ್ಲ?

ಪರೀಕ್ಷಾ_ಶೆಡ್
ಹೇಳುತ್ತೇನೆ, ಅದರಲ್ಲಿ ಮುಚ್ಚಿಡುವಂತಹದ್ದು ಏನೂ ಇಲ್ಲ. ಟೂಲೂಸ್‌ನಲ್ಲಿ ಆ ರೆಕ್ಕೆ 1.45 ಮತ್ತು 1.5 ಪಟ್ಟಿನ ನಡುವೆ, ಎರಡು ಎಂಜಿನ್‌ಗಳ ನಡುವಿನ ಜಾಗದಲ್ಲಿ ಮುರಿಯಿತು. ನಿಯಮಕ್ಕೆ ಕೂದಲೆಳೆಯಷ್ಟು ಕಡಿಮೆ. ಅಷ್ಟಕ್ಕೇ ಆ ಜಾಗವನ್ನು ಬಲಪಡಿಸಿ ಲೆಕ್ಕ ಒಪ್ಪಿಸಬೇಕಾಯಿತು. ಅದಕ್ಕೂ ಮೊದಲು, 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಬೇಕೆಂದೇ ಮುರಿಯುವವರೆಗೆ ಎಳೆದರು. 1.54 ಪಟ್ಟಿಗೆ ಮುರಿಯಿತು. ಆ ಹೊತ್ತಿಗೆ ತುದಿ ಇಪ್ಪತ್ತನಾಲ್ಕು ಅಡಿಯಷ್ಟು ಮೇಲೆದ್ದಿತ್ತು. ಎರಡು ಮಹಡಿ ಮನೆಯ ಎತ್ತರ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. 1.5 ಎಂದು ಲೆಕ್ಕ ಹಾಕಿದವರಿಗೆ 1.47, 1.54 ಎಂದು ಉತ್ತರ ಬಂತು. ಅಂದರೆ ರೆಕ್ಕೆ ಎಲ್ಲಿ ಮುರಿಯುತ್ತದೆ ಎಂಬ ಅಂದಾಜು ಅಷ್ಟು ಹತ್ತಿರದಲ್ಲಿತ್ತು.

ನಮ್ಮ ಶೆಡ್ಡಿನಲ್ಲಿ ನಾವು ಪರೀಕ್ಷಿಸುತ್ತಿದ್ದದ್ದು ಚಿಕ್ಕ ವಿಮಾನಗಳ ರೆಕ್ಕೆ. ಕ್ರಮ ಮಾತ್ರ ಅದೇ. ರೆಕ್ಕೆಯ ಹೊದಿಕೆಗೆ ನೂರಾರು ಮೆತ್ತೆಗಳನ್ನು ಅಂಟಿಸಿ, ತಕ್ಕಡಿಯ ಕೆಳಗೆ ತಕ್ಕಡಿ ಕಟ್ಟಿದಂತೆ ಸಲಾಕೆಗಳಿಂದ ಜೋಡಿಸುತ್ತೇವೆ. ಆಗ ಒಂದು ಜ್ಯಾಕ್ ಎಳೆದರೆ ಭಾರ ಗಾಳಿ ಎತ್ತುವ ರೀತಿಯಲ್ಲಿಯೇ ಉದ್ದಕ್ಕೂ ಹಂಚಿಹೋಗುತ್ತದೆ. ಕೂದಲಿನಷ್ಟು ತೆಳ್ಳಗಿನ ತಂತಿಗಳ ಮಾಪಕಗಳನ್ನು ಎಲ್ಲೆಡೆ ಅಂಟಿಸಿರುತ್ತೇವೆ. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಹಂತದಲ್ಲೂ ನಿಲ್ಲಿಸಿ ಓದುತ್ತೇವೆ. ಮೇಲಿನ ಹಂತಗಳಲ್ಲಿ ರೆಕ್ಕೆ ಹಳೆಯ ಮನೆಯ ತೊಲೆಯಂತೆ ಕಿರುಗುಟ್ಟುತ್ತದೆ. ಹೊದಿಕೆಯ ಮೇಲೆ ಸೀರೆಯ ಸುಕ್ಕಿನಂತೆ ಓರೆಯಾದ ಅಲೆಗಳು ಏಳುತ್ತವೆ, ಭಾರ ಇಳಿಸಿದೊಡನೆ ಮಾಯವಾಗುತ್ತವೆ. ಮೊದಲ ಸಲ ನೋಡಿದಾಗ ನನ್ನ ಕೈ ನಡುಗಿತ್ತು. ಪಕ್ಕದಲ್ಲಿದ್ದ ಹಿರಿಯರು ಮಾಪಕಗಳ ಓದಿನಿಂದ ಎಳೆದ ಗೆರೆಯನ್ನು ತೋರಿಸಿ, "ಗೆರೆ ನೇರವಾಗಿದೆಯೇ ನೋಡು" ಎಂದರು. ನೇರವಾಗಿತ್ತು. ಭಾರ ಏರಿದಷ್ಟೇ ಬಾಗು ಏರಿದರೆ ರೆಕ್ಕೆ ಆರೋಗ್ಯವಾಗಿದೆ ಎಂದರ್ಥ. ಗೆರೆ ಸೊಟ್ಟಗಾಗತೊಡಗಿದರೆ ಎಲ್ಲಿಯೋ ಲೋಹ ಸೋಲುತ್ತಿದೆ.

ಕಾಲು_ಚಾಚು
ರೆಕ್ಕೆಯ ಮೇಲಿನ ಸಾಲಿನ ಬಗ್ಗೆ ಕೇಳಿದ್ದೀರಿ. ಅಲ್ಲಿ ತುರ್ತು ನಿರ್ಗಮನ ಬಾಗಿಲಿನ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಕಾಲು ಚಾಚಲು ಬಹಳ ಜಾಗ. ಆದರೆ ಆ ಸೀಟಿನಲ್ಲಿ ಕೈಚೀಲವನ್ನು ಕಾಲ ಬಳಿ ಇಡಲು ಬಿಡುವುದಿಲ್ಲ.

ಹನುಮಂತನಗರ_ಹುಡುಗ
ಅಣ್ಣ, ಅವರು ಕೇಳಿದ್ದು ರೆಕ್ಕೆ ಮುರಿಯುತ್ತದೆಯೇ ಎಂದು.

ಕಾಲು_ಚಾಚು
ಹೌದೇ? ಶೀರ್ಷಿಕೆಯನ್ನು ಪೂರ್ತಿ ಓದಲಿಲ್ಲ. ಕ್ಷಮಿಸಿ ಅಕ್ಕ. ಸೀಟಿನ ಮಾತು ಮಾತ್ರ ನಿಜ.

ಲೆಕ್ಕಪರಿಶೋಧಕ
ನಾನು ಬಿಡುವುದಿಲ್ಲ. ಪರೀಕ್ಷಾ ಶೆಡ್ಡಿನ ಒಳಗಿನದ್ದು ಸಾಕು, ಆಕಾಶದ್ದು ಹೇಳಿ. 2022ರ ಮೇ 1ರಂದು ಮುಂಬಯಿಯಿಂದ ದುರ್ಗಾಪುರಕ್ಕೆ ಹೋದ ಬೋಯಿಂಗ್ 737 ಇಳಿಯುವ ಮೊದಲು ಬಿರುಗಾಳಿಗೆ ಸಿಕ್ಕಿತು. ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಅಂಕಿ ನನ್ನ ಬಳಿ ಇದೆ: ಮೇಲ್ಮುಖವಾಗಿ 2.64 ಜಿ, ಕೆಳಮುಖವಾಗಿ 1.36 ಜಿ. ನಿಮ್ಮ 2.5ರ ಗಡಿ ದಾಟಿತಲ್ಲ? "2 ಜಿ ದಾಟುವುದು ಅಪರೂಪ" ಎಂದಿರಿ. ನಮ್ಮ ದೇಶದಲ್ಲಿಯೇ ದಾಟಿದೆ.

ಪರೀಕ್ಷಾ_ಶೆಡ್
ಒಳ್ಳೆಯ ಉದಾಹರಣೆ ತಂದಿರಿ, ಇದನ್ನೇ ಬಿಡಿಸಿ ನೋಡೋಣ. ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ.

ವಿಮಾನದ ತೂಕ 60 ಟನ್ ಎಂದೇ ಇಟ್ಟುಕೊಳ್ಳೋಣ, ನಿಜವಾದ ತೂಕ ಅದಲ್ಲದಿರಬಹುದು. 2.64 ಎಂದರೆ ರೆಕ್ಕೆಗಳ ಮೇಲೆ ಸುಮಾರು 158 ಟನ್. ಮರಳಿ ಆಕಾರಕ್ಕೆ ಬರಲೇಬೇಕಾದ ಗಡಿ 150, ಮುರಿಯದೆ ನಿಲ್ಲಲೇಬೇಕಾದ ಗಡಿ 225. ಮೊದಲ ಗಡಿಯನ್ನು ಸ್ವಲ್ಪ ದಾಟಿತು, ಎರಡನೆಯದಕ್ಕೆ ಇನ್ನೂ 67 ಟನ್ ಬಾಕಿ ಇತ್ತು. ರೆಕ್ಕೆಗಳು ನಿಂತವು. ಸ್ವಯಂಚಾಲನೆ ಎರಡು ನಿಮಿಷ ಕಳಚಿಕೊಂಡಿತ್ತು, ಪೈಲಟ್‌ಗಳು ಕೈಯಿಂದಲೇ ಹಾರಿಸಿ ದುರ್ಗಾಪುರದಲ್ಲಿಯೇ ಇಳಿಸಿದರು. ಒಳಗಿದ್ದವರ ಕಥೆ ಬೇರೆ. 60 ಕೆ.ಜಿ.ಯ ಮನುಷ್ಯನಿಗೆ ಆ ಕ್ಷಣ ತನ್ನ ತೂಕ 158 ಕೆ.ಜಿ. ಎನಿಸುತ್ತದೆ. ಕೆಳಮುಖದ ಏಟಿನಲ್ಲಿ ಬೆಲ್ಟ್ ಇಲ್ಲದವರು ಚಾವಣಿಗೆ ಬಡಿಯುತ್ತಾರೆ. ಗಾಯಗೊಂಡದ್ದು ಜನರು.

ಲೆಕ್ಕಪರಿಶೋಧಕ
ಸರಿ, ಈಗ ಕೆಳಮುಖದ ಲೆಕ್ಕವನ್ನೂ ಮಾಡಿ. ಆ ದಿಕ್ಕಿಗೆ ನಿಯಮದ ಗಡಿ ಕೇವಲ 1 ಜಿ ಎಂದು ಓದಿದ್ದೇನೆ. ಅದರ ಒಂದೂವರೆ ಪಟ್ಟು 1.5. ಆದದ್ದು 1.36. ನಿಮ್ಮ 60 ಟನ್ನಿನ ವಿಮಾನಕ್ಕೆ 90 ಟನ್ನಿನ ಗಡಿಯಲ್ಲಿ 82 ಟನ್ ಬಿತ್ತು. ಇದನ್ನು "ಬಹಳ ದೂರ" ಎನ್ನಬಹುದೇ?

ಎರಡು_ಚಿನ್ನದ_ಪಟ್ಟಿ
ನಾನು ಎ320 ಹಾರಿಸುವವನು. ಲೆಕ್ಕಪರಿಶೋಧಕರೇ, ಒಂದನ್ನು ಮರೆತಿರಿ. ಗಡಿಗಳನ್ನು ಹಾಕುವುದು ವಿಮಾನದ ಗರಿಷ್ಠ ತೂಕಕ್ಕೆ. 737-800ಕ್ಕೆ ಅದು ಸುಮಾರು 79 ಟನ್. ಇಳಿಯುವ ಹೊತ್ತಿಗೆ ವಿಮಾನ ಹಗುರವಾಗಿರುತ್ತದೆ. ಹಾಗಾಗಿ ನಿಜವಾದ ಕೆಳಮುಖದ ಗಡಿ 90 ಟನ್ ಅಲ್ಲ, 118 ಟನ್. ಬೇಕಾದಷ್ಟು ಅಂತರವಿದೆ.

ಪರೀಕ್ಷಾ_ಶೆಡ್
ಕ್ಯಾಪ್ಟನ್, ನಿಮ್ಮ ಮಾತಿನ ದಿಕ್ಕು ಸರಿ, ಅಂಕಿಯನ್ನು ಹಾಗೇ ಒಪ್ಪಲಾರೆ. ಹಗುರವಾದದ್ದು ಹೇಗೆ? ಇಂಧನ ಉರಿದು. ಆ ಇಂಧನದ ಬಹುಪಾಲು ಇದ್ದದ್ದು ರೆಕ್ಕೆಯೊಳಗೇ. ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುವಾಗ ಒಳಗಿನ ಇಂಧನ ತನ್ನ ತೂಕದಿಂದ ಕೆಳಕ್ಕೆ ಒತ್ತಿ ಬಾಗುವಿಕೆಯನ್ನು ತಗ್ಗಿಸುತ್ತಿತ್ತು, ಕೆಳಮುಖದ ಏಟಿನಲ್ಲೂ ಹೀಗೆಯೇ ಎದುರು ಒತ್ತುತ್ತಿತ್ತು. ಟ್ಯಾಂಕ್ ಬರಿದಾದಂತೆ ಆ ಉಪಕಾರ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಇಂಧನವನ್ನು ಬಿಟ್ಟು ವಿಮಾನ ಎಷ್ಟು ತೂಗಬಹುದು ಎಂದು ಬೇರೆಯೇ ಒಂದು ಮಿತಿ ಇಟ್ಟಿದ್ದಾರೆ. ನೀವು ಪ್ರತಿದಿನ ಸಹಿ ಹಾಕುವ ಹಾಳೆಯಲ್ಲಿ ಅದು ಇರುತ್ತದೆ. ಹಾಗಾಗಿ 118 ಎನ್ನುವಷ್ಟು ಧಾರಾಳವಾಗಿ ಸಿಗುವುದಿಲ್ಲ. 90 ಎನ್ನುವಷ್ಟು ಬಿಗಿಯೂ ಅಲ್ಲ. ನಡುವೆ ಎಲ್ಲಿಯೋ ಇದೆ. ಎಲ್ಲಿ ಎಂದು ತಯಾರಕರ ಲೆಕ್ಕದ ಹಾಳೆಗಳನ್ನು ನೋಡದೆ ನಾನು ಹೇಳುವುದಿಲ್ಲ.

ಲೆಕ್ಕಪರಿಶೋಧಕರೇ, ಕೆಳಮುಖದ ಅಂತರ ಮೇಲ್ಮುಖದಷ್ಟು ದೊಡ್ಡದಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಗಾಳಿಯ ಏಟಿಗೆ ಬೇರೆಯೇ ಲೆಕ್ಕವೂ ಉಂಟು. ಸೆಕೆಂಡಿಗೆ ಇಂತಿಷ್ಟು ಅಡಿ ವೇಗದ ಗಾಳಿ ಒಮ್ಮೆಲೆ ಮೇಲಿನಿಂದಲೋ ಕೆಳಗಿನಿಂದಲೋ ಹೊಡೆದರೆ ಎಂದು ಎಣಿಸಿ, ಆ ಭಾರವನ್ನೂ ತಾಳಲೇಬೇಕು. ಸಮುದ್ರಮಟ್ಟದಲ್ಲಿ ಆ ಗಾಳಿ ಸೆಕೆಂಡಿಗೆ 56 ಅಡಿ, ಗಂಟೆಗೆ ಅರವತ್ತು ಕಿಲೋಮೀಟರಿಗೂ ಮಿಕ್ಕು, ಅದೂ ನೇರ ಮೇಲಕ್ಕೆ ಇಲ್ಲವೇ ಕೆಳಕ್ಕೆ. 2.5 ಮತ್ತು 1 ಎಂಬುದು ಕಥೆಯ ಅರ್ಧ ಮಾತ್ರ.

ಎರಡು_ಚಿನ್ನದ_ಪಟ್ಟಿ
ಸರಿ ಸರ್, ಇಂಧನದ ಮಾತು ಒಪ್ಪಿದೆ. ಅವಸರದಲ್ಲಿ ಬರೆದೆ.

ಕಿಟಕಿ ಸೀಟು ಮೇಡಂ, ನಮ್ಮ ಕಡೆಯಿಂದ ಏನು ಮಾಡುತ್ತೇವೆ ಎಂದು ಹೇಳುತ್ತೇನೆ. ಕುಲುಕಾಟ ಹೆಚ್ಚಾಗುತ್ತದೆ ಎಂದು ಕಂಡರೆ ಅದಕ್ಕೆಂದೇ ಗೊತ್ತುಪಡಿಸಿದ ವೇಗಕ್ಕೆ ಬರುತ್ತೇವೆ. ಎ320ರಲ್ಲಿ ಮೇಲಿನ ಎತ್ತರದಲ್ಲಿ ಶಬ್ದದ ವೇಗದ 0.76 ಭಾಗ. ಸಾಮಾನ್ಯವಾಗಿ ಹಾರುವುದು 0.78ರ ಆಸುಪಾಸು, ಹಾಗಾಗಿ ನಿಮಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹಳ್ಳಕೊಳ್ಳದ ರಸ್ತೆಯಲ್ಲಿ ಬಸ್ಸು ನಿಧಾನವಾಗುವುದಕ್ಕೆ ಇದನ್ನು ಹೋಲಿಸುವುದುಂಟು, ಅದು ಅರ್ಧ ಮಾತ್ರ ಸರಿ. ವೇಗ ಹೆಚ್ಚಿದ್ದರೆ ಅದೇ ಗಾಳಿಯ ಏಟು ರೆಕ್ಕೆಗೆ ಜೋರಾಗಿ ಬೀಳುತ್ತದೆ, ನಿಜ. ಆದರೆ ಬಸ್ಸಿನಂತೆ ತೀರ ನಿಧಾನವಾದರೆ ರೆಕ್ಕೆಗೆ ಎತ್ತುವ ಶಕ್ತಿಯೇ ಸಾಲದೆ ಹೋಗುತ್ತದೆ. ಆ ವೇಗ ಎರಡೂ ಅಪಾಯಗಳಿಂದ ದೂರವಿರುವ ನಡುದಾರಿ. ಅಲ್ಲಿಗೆ ಬಂದ ಮೇಲೆ ಎತ್ತರ ಸ್ವಲ್ಪ ಏರಿಳಿದರೂ ನಾವು ಕೈ ಹಾಕಿ ಗುದ್ದಾಡುವುದಿಲ್ಲ. ಸ್ವಯಂಚಾಲನೆಗೇ ಬಿಡುತ್ತೇವೆ.

ಎಲ್ಲಕ್ಕಿಂತ ಮೊದಲ ಕೆಲಸ ಗುಡುಗು ಮೋಡದೊಳಗೆ ಹೋಗದಿರುವುದು. ಮೂತಿಯಲ್ಲಿರುವ ರೇಡಾರ್ ಮಳೆಯ ಹನಿಗಳನ್ನು ತೋರಿಸುತ್ತದೆ, ನಾವು ಸುತ್ತಿಕೊಂಡು ಹೋಗುತ್ತೇವೆ. ಏಪ್ರಿಲ್, ಮೇ ಸಂಜೆಗಳಲ್ಲಿ ದೇವನಹಳ್ಳಿಯ ಸುತ್ತ ಮೋಡಗಳು ಎದ್ದಾಗ ನಿಮ್ಮ ವಿಮಾನ ಇಪ್ಪತ್ತು ನಿಮಿಷ ತಡವಾದರೆ ಅದಕ್ಕೆ ಇದೇ ಕಾರಣವಿರಬಹುದು. ಇನ್ನು ನೀವು ಕಂಡ ಬಿರುಕು. ಇಳಿಯುವಾಗ ವೇಗ ತಗ್ಗಿಸಲು ರೆಕ್ಕೆಯ ಮೇಲಿನ ಹಲಗೆಗಳನ್ನು ಎತ್ತುತ್ತೇವೆ. ಮೇಲಿನಿಂದ ನೋಡಿದರೆ ರೆಕ್ಕೆ ಬಾಯ್ತೆರೆದಂತೆಯೇ ಕಾಣುತ್ತದೆ. ಅದು ತೆರೆದಾಗ ವಿಮಾನ ತುಸು ಅದುರುವುದೂ ಉಂಟು.

ಕಿಟಕಿ_ಸೀಟು
ಹಲಗೆ! ಒಂದು ವರ್ಷದಿಂದ ಆ ಬಿರುಕು ಕನಸಿನಲ್ಲಿ ಬರುತ್ತಿತ್ತು. ಕ್ಯಾಪ್ಟನ್, ಇದನ್ನು ಯಾರಾದರೂ ಅಂದೇ ಹೇಳಿದ್ದರೆ ಸಾಕಿತ್ತು.

ಘಟ್ಟದ_ಮೇಲೆ
ನಾನು ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗುತ್ತೇನೆ. ಮಳೆಗಾಲದಲ್ಲಿ ಘಟ್ಟ ದಾಟುವಾಗ ಪ್ರತಿ ಸಲವೂ ಕುಲುಕುತ್ತದೆ. ನನಗೆ ರೆಕ್ಕೆಯ ಭಯ ಬರುವುದಿಲ್ಲ, ಹೊಟ್ಟೆ ತೊಳಸುತ್ತದೆ. ಶುಂಠಿ ಅಗಿದರೆ ಸ್ವಲ್ಪ ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ.

ಹಳೆಯ_ಪತ್ರಿಕೆ
ಸಮಾಧಾನದ ಮಾತುಗಳ ನಡುವೆ ಕಹಿ ಮಾತು ಹೇಳುತ್ತಿದ್ದೇನೆ, ಹೇಳಲೇಬೇಕು. ಮುರಿದ ಉದಾಹರಣೆ ಇದೆ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಬೋಯಿಂಗ್ 707 ಗಾಳಿಗೆ ಸಿಕ್ಕಿ ಆಕಾಶದಲ್ಲಿಯೇ ಛಿದ್ರವಾಯಿತು. 124 ಜನ ತೀರಿಕೊಂಡರು. 1981ರ ಅಕ್ಟೋಬರ್ 6ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ಫೋಕರ್ ಜೆಟ್ ಒಂದರ ರೆಕ್ಕೆಯೇ ಕಿತ್ತುಹೋಯಿತು. 17 ಜನ. ಇವನ್ನು ಮುಚ್ಚಿಟ್ಟು ಧೈರ್ಯ ಹೇಳಿದರೆ, ಅವರು ನಾಳೆ ತಾವೇ ಹುಡುಕಿ ಓದಿ ಇನ್ನೂ ಹೆದರುತ್ತಾರೆ.

ಹನುಮಂತನಗರ_ಹುಡುಗ
ಹೆದರಿದವರ ಮುಂದೆ ಇದನ್ನು ಬರೆಯಬೇಕಿತ್ತೇ?

ಕಿಟಕಿ_ಸೀಟು
ಬರೆಯಲಿ ತಮ್ಮಾ. ಇವೆರಡನ್ನೂ ನಾನು ಈಗಾಗಲೇ ರಾತ್ರಿ ಎರಡು ಗಂಟೆಗೆ ಓದಿದ್ದೇನೆ. ಅದಕ್ಕೇ ಇಲ್ಲಿ ಬಂದು ಕೇಳಿದ್ದು.

ಪರೀಕ್ಷಾ_ಶೆಡ್
ಹಳೆಯ ಪತ್ರಿಕೆಯವರು ಬರೆದದ್ದು ಒಳ್ಳೆಯದಾಯಿತು. ಎರಡನ್ನೂ ಹತ್ತಿರದಿಂದ ನೋಡಿ.

ಫೋಕರ್ ಹೊಕ್ಕದ್ದು ಸಾಮಾನ್ಯ ಕುಲುಕಾಟವನ್ನಲ್ಲ, ಸುಂಟರಗಾಳಿಯನ್ನು. ನೆಲದ ಮೇಲೆ ಮನೆಗಳ ಮಾಡು ಕೀಳುವಂತಹ ಸುತ್ತುಗಾಳಿ. ಮೋಡದೊಳಗೆ ಅದು ಅಡಗಿತ್ತು.

ಫ್ಯೂಜಿಯದ್ದು ಬೇರೆ. ಅಂದು ಆಕಾಶ ತಿಳಿಯಾಗಿತ್ತು. ಪರ್ವತದ ಮೇಲಿಂದ ಹಾದು ಬರುವ ಬಲವಾದ ಗಾಳಿ ಅದರ ಮರೆಯಲ್ಲಿ, ಬಂಡೆ ದಾಟಿದ ಹೊಳೆಯ ನೀರಿನಂತೆ, ಮಗುಚುತ್ತಿತ್ತು. ವಿಮಾನ ಆ ಮರೆಯೊಳಗೇ ಹೋಯಿತು. ಹುಡುಕಲು ಹೋದ ಯುದ್ಧವಿಮಾನವೂ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು, ಅದರ ಮಾಪಕ ಮೇಲ್ಮುಖವಾಗಿ 9, ಕೆಳಮುಖವಾಗಿ 4 ಜಿ ದಾಖಲಿಸಿತು. ದುರ್ಗಾಪುರದ 2.64ರ ಪಕ್ಕದಲ್ಲಿ ಇಟ್ಟು ನೋಡಿ. 707ರಲ್ಲಿ ಮೊದಲು ಸೋತದ್ದು ರೆಕ್ಕೆಯಲ್ಲ, ಬಾಲದ ನೆಟ್ಟನೆಯ ಭಾಗ. ಇಂತಹ ಜಾಗಗಳಿವೆ, ಅವು ಯಾವ ವಿಮಾನಕ್ಕೂ ದೊಡ್ಡವು. ಉಪಾಯ ಒಂದೇ, ಅಲ್ಲಿ ಹೋಗದಿರುವುದು. ಬೆಂಗಳೂರು–ದೆಹಲಿ ದಾರಿಯಲ್ಲಿ ಫ್ಯೂಜಿಯಂತಹ ಶಿಖರದ ಮರೆ ಇಲ್ಲ. ಮೇ ತಿಂಗಳಲ್ಲಿ ಗುಡುಗು ಮೋಡಗಳಿವೆ, ಅವುಗಳ ಬಗ್ಗೆ ಕ್ಯಾಪ್ಟನ್ ಹೇಳಿದ್ದಾರೆ.

ಹ್ಯಾಂಗರ್_ರಾತ್ರಿಪಾಳಿ
ನಾನು ವಿಮಾನ ನಿರ್ವಹಣೆಯಲ್ಲಿದ್ದೇನೆ. ಜೋರಾದ ಟರ್ಬುಲೆನ್ಸ್ ಆದ ಮೇಲೆ ಏನಾಗುತ್ತದೆ ಎಂದು ಯಾರೂ ಬರೆಯಲಿಲ್ಲ.

ಪೈಲಟ್ ಲಾಗ್ ಪುಸ್ತಕದಲ್ಲಿ ಬರೆದರೆ, ತಪಾಸಣೆ ಮುಗಿದು ನಾವು ಸಹಿ ಹಾಕುವವರೆಗೆ ಆ ವಿಮಾನ ಹಾರುವಂತಿಲ್ಲ. ಟಾರ್ಚ್ ಹಿಡಿದು ರೆಕ್ಕೆಯ ಬುಡದಿಂದ ಶುರು ಮಾಡುತ್ತೇವೆ. ಬೆಳಕನ್ನು ಓರೆಯಾಗಿ ಹಿಡಿಯಬೇಕು, ನೇರವಾಗಿ ಹಿಡಿದರೆ ಸುಕ್ಕು ಕಾಣುವುದಿಲ್ಲ. ಹೊದಿಕೆಯಲ್ಲಿ ಉಳಿದುಹೋದ ಅಲೆ ಇದೆಯೇ, ರಿವೆಟ್ ತಲೆ ಎದ್ದಿದೆಯೇ, ಅದರ ಸುತ್ತ ಬಣ್ಣ ಬಿರಿದಿದೆಯೇ, ಕಪ್ಪು ಪುಡಿ ಹೊಗೆಯ ಗೆರೆಯಂತೆ ಎಳೆದಿದೆಯೇ ಎಂದು ನೋಡುತ್ತೇವೆ. ಸಡಿಲವಾದ ರಿವೆಟ್ ಉಜ್ಜಿ ಉಜ್ಜಿ ಆ ಪುಡಿ ಬರುತ್ತದೆ. ರೆಕ್ಕೆಯ ಕೆಳಗೆ ಇಂಧನದ ಒದ್ದೆ ಇದ್ದರೆ ಒಳಗೆ ಯಾವುದೋ ಜೋಡಣೆ ಬಿಟ್ಟಿದೆ ಎಂದರ್ಥ. ಎಂಜಿನ್ ತೂಗುಹಾಕಿದ ಕಂಬವನ್ನೂ ನೋಡುತ್ತೇವೆ. 1993ರಲ್ಲಿ ಅಲಾಸ್ಕಾದ ಆಂಕರೇಜ್‌ನಿಂದ ಹೊರಟ ಸರಕು 747 ಒಂದರ ಎಂಜಿನ್ ಕುಲುಕಾಟಕ್ಕೆ ಕಳಚಿ ಬಿತ್ತು. ರೆಕ್ಕೆ ಉಳಿಯಿತು, ವಿಮಾನ ಮರಳಿ ಇಳಿಯಿತು. ಮೊದಲ ಹಂತದಲ್ಲಿ ಏನಾದರೂ ಸಿಕ್ಕರೆ ಫಲಕ ಬಿಚ್ಚಿ ಒಳಗೆ ನೋಡುತ್ತೇವೆ. ಸಿಗದಿದ್ದರೆ ಬಿಡುತ್ತೇವೆ.

ನನ್ನ ಕೈಯಲ್ಲಿ ಅಂತಹ ಹಲವು ತಪಾಸಣೆಗಳು ಮುಗಿದಿವೆ. ಹೆಚ್ಚಾಗಿ ಸಿಕ್ಕಿದ್ದು ಒಳಗೆ: ಒಡೆದ ಚಾವಣಿ ಫಲಕ, ಬಾಗಿದ ತಿಂಡಿಗಾಡಿ, ಸೀಟಿನ ಕೆಳಗೆ ಯಾರದ್ದೋ ಕನ್ನಡಕ.

ಲೆಕ್ಕಪರಿಶೋಧಕ
ಪೈಲಟ್ ಬರೆಯದಿದ್ದರೆ?

ಹ್ಯಾಂಗರ್_ರಾತ್ರಿಪಾಳಿ
ವಿಮಾನದ ಉಪಕರಣ ಜಿ ದಾಖಲಿಸುತ್ತದೆ. ಹೊಸ ವಿಮಾನಗಳಲ್ಲಿ ಗಡಿ ದಾಟಿದರೆ ತಾನಾಗಿಯೇ ವರದಿ ಬರುತ್ತದೆ. ಹಳೆಯವುಗಳಲ್ಲಿ ಪೈಲಟ್ ಬರೆಯುವುದರ ಮೇಲೆ ಹೆಚ್ಚು ನಿಂತಿದೆ, ಅದನ್ನು ಒಪ್ಪುತ್ತೇನೆ.

ಲೆಕ್ಕಪರಿಶೋಧಕ
ಆ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ರೆಕ್ಕೆಯ ವಿಷಯ ಒಪ್ಪಿದೆ.

ಪುಟ್ಟಿಯ_ಅಮ್ಮ
ರೆಕ್ಕೆ ಗಟ್ಟಿ, ಗಾಯವಾಗುವುದು ಜನರಿಗೆ ಎಂದಿರಿ. ಹಾಗಾದರೆ ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಲು ಏಕೆ ಬಿಡುತ್ತಾರೆ? 2.64 ಜಿ ಏಟಿಗೆ ನನ್ನ 10 ಕೆ.ಜಿ. ಮಗು 26 ಕೆ.ಜಿ. ಆಗುತ್ತದೆ. ಕೆಳಮುಖದ ಏಟಿನಲ್ಲಿ ನನ್ನ ಕೈ ಹಿಡಿಯಬಲ್ಲದೇ? ಮಗುವಿಗೂ ಒಂದು ಸೀಟು ಕಡ್ಡಾಯ ಮಾಡಬೇಕು.

ಎರಡು_ಚಿನ್ನದ_ಪಟ್ಟಿ
ನಿಮ್ಮ ಬೆಲ್ಟಿಗೆ ಸೇರಿಸುವ ಮಗುವಿನ ಬೆಲ್ಟ್ ಕೊಡುತ್ತಾರೆ ಮೇಡಂ. ಸಿಬ್ಬಂದಿಯನ್ನು ಕೇಳಿ ಪಡೆಯಿರಿ.

ಪುಟ್ಟಿಯ_ಅಮ್ಮ
ಅದು ಗೊತ್ತು. ಪ್ರತ್ಯೇಕ ಸೀಟಿಗೆ ಅದು ಸಮವೇ?

ಎರಡು_ಚಿನ್ನದ_ಪಟ್ಟಿ
ಸಮವಲ್ಲ.

ಘಟ್ಟದ_ಮೇಲೆ
ಕಡ್ಡಾಯ ಮಾಡಿದರೆ ಟಿಕೆಟ್ ದುಬಾರಿಯಾಗಿ ಜನ ಮಗುವಿನೊಂದಿಗೆ ರಾತ್ರಿ ಕಾರಿನಲ್ಲಿ ಹೋಗುತ್ತಾರೆ. ಹೆದ್ದಾರಿಯ ಅಪಾಯ ಇದಕ್ಕಿಂತ ದೊಡ್ಡದು.

ಪುಟ್ಟಿಯ_ಅಮ್ಮ
ಹೆದ್ದಾರಿ ಕೆಟ್ಟದ್ದು ಎಂದು ವಿಮಾನದಲ್ಲಿ ಬಿಗಿ ಮಾಡದಿರುವುದು ನ್ಯಾಯವಲ್ಲ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಎಲ್ಲರೂ ಬನ್ನಿ.

ಕಿಟಕಿ_ಸೀಟು
ಶೆಡ್ಡಿನ ಸರ್, ಕ್ಯಾಪ್ಟನ್, ರಾತ್ರಿಪಾಳಿಯವರೇ, ಎಲ್ಲವನ್ನೂ ಎರಡು ಸಲ ಓದಿದೆ. ಟಿಕೆಟ್ ಮಾಡಿಸುತ್ತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ: ಯಾವ ಹೊತ್ತಿನ ವಿಮಾನ, ಯಾವ ಸಾಲು?

ಎರಡು_ಚಿನ್ನದ_ಪಟ್ಟಿ
ಬೆಳಗಿನ ಮೊದಲ ವಿಮಾನ. ನೆಲ ಕಾದು ಮೋಡ ಏಳುವುದು ಮಧ್ಯಾಹ್ನದ ಮೇಲೆ. ಸಾಲು ರೆಕ್ಕೆಯ ಮೇಲಿನದ್ದೇ ಇರಲಿ. ಏತದ ಹಾಸಿನಂತೆ ನಡುವೆ ಕಡಿಮೆ ಆಡುತ್ತದೆ, ಬಾಲದ ಕಡೆ ಹೆಚ್ಚು. ದೀಪ ಆರಿದ ಮೇಲೂ ಬೆಲ್ಟ್ ಕಳಚಬೇಡಿ. ಸೊಂಟದ ಮೇಲೆ ಕೆಳಗೆ, ಬಿಗಿಯಾಗಿ. ತಿಳಿ ಆಕಾಶದ ಕುಲುಕಾಟವನ್ನು ನಮ್ಮ ರೇಡಾರ್ ತೋರಿಸುವುದಿಲ್ಲ, ಅಲ್ಲಿ ಹನಿಗಳೇ ಇರುವುದಿಲ್ಲ.

ಹನುಮಂತನಗರ_ಹುಡುಗ
ಅಕ್ಕ, ಮೊದಲ ವಿಮಾನವಾದರೆ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ರಾತ್ರಿಯೂ ಇರುತ್ತದೆ. ಹೊರಡುವ ಹೊತ್ತನ್ನು ಒಮ್ಮೆ ವಿಚಾರಿಸಿಕೊಳ್ಳಿ.

ಕಿಟಕಿ_ಸೀಟು
ಕಿಟಕಿಯ ಸೀಟೇ ತೆಗೆದುಕೊಂಡೆ, ರೆಕ್ಕೆಯ ಮೇಲೆ, ಎಡಬದಿ. ಸರ್, ಇಂಧನ ತುಂಬಿದ ರೆಕ್ಕೆ ನೆಲದ ಮೇಲೆ ಜೋತುಬಿದ್ದಂತೆ ಇರುತ್ತದೆಯೇ? ಓಡಲು ಶುರುವಾದಾಗ ತುದಿ ಏಳುವುದು ಕಾಣುತ್ತದೆಯೇ?

ಪರೀಕ್ಷಾ_ಶೆಡ್
ಕಾಣುತ್ತದೆ. ರನ್‌ವೇ ಮೇಲೆ ಓಡುವಾಗ ತುದಿಯನ್ನೇ ನೋಡುತ್ತಿರಿ. ಚಕ್ರ ನೆಲ ಬಿಡುವ ಮೊದಲೇ ಅದು ಮೆಲ್ಲಗೆ ಮೇಲೇಳುತ್ತದೆ. ನಿಮ್ಮ ತೂಕ ಚಕ್ರದಿಂದ ರೆಕ್ಕೆಗೆ ದಾಟುವ ಹೊತ್ತು ಅದು. ಹೋಗಿ ಬಂದ ಮೇಲೆ ಎಷ್ಟು ಎದ್ದಿತು ಎಂದು ಇಲ್ಲಿ ಬರೆಯಿರಿ.